ಮೀಟರಿನಲ್ಲಿ 4,200, ಬಿಲ್ಲಿನಲ್ಲಿ 5,250: ವ್ಯತ್ಯಾಸ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಡಿಜಿಟಲ್ ಮೀಟರಿನಲ್ಲಿ kWh ಈ ತಿಂಗಳು 4,200 ಏರಿದೆ. ಬಿಲ್ಲಿನಲ್ಲಿ ಮಾತ್ರ 5,250 ಯುನಿಟ್. MD ಎಂದು 30 ಬೇರೆ ತೋರಿಸುತ್ತಿದೆ. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರಿನ ಪರದೆ ಒಂದಾದ ಮೇಲೊಂದು ಅಂಕಿ ತೋರಿಸುತ್ತಾ ಹೋಗುತ್ತದೆ. ಪಕ್ಕದಲ್ಲಿ kVAh ಎಂದು ಬರುವ ತನಕ ಕಾದು, ಅದರಿಂದ ಹಿಂದಿನ ತಿಂಗಳ kVAh ಕಳೆಯಿರಿ. 5,250 ಬಂದರೆ ಮೀಟರ್ ಸರಿಯಿದೆ, ನಿಮಗೆ kVAh ಲೆಕ್ಕದಲ್ಲಿ ಬಿಲ್ ಆಗುತ್ತಿದೆ.

kWh ಅಂದರೆ ನಿಜವಾಗಿ ಕೆಲಸಕ್ಕೆ ಬಳಕೆಯಾದ ವಿದ್ಯುತ್. ಆದರೆ ಇಂಡಕ್ಷನ್ ಮೋಟಾರಿಗೆ ಒಳಗಿನ ಕಾಂತಕ್ಷೇತ್ರಕ್ಕಾಗಿ ಇನ್ನಷ್ಟು ಕರೆಂಟ್ ಬೇಕು. ಅದು ಲೈನಿಗೂ ಮೋಟಾರಿಗೂ ನಡುವೆ ಹೋಗಿ ಬರುತ್ತಿರುತ್ತದೆ; ಕೆಲಸ ಮಾಡದಿದ್ದರೂ ಕೇಬಲ್, ಟ್ರಾನ್ಸ್‌ಫಾರ್ಮರ್‌ಗಳು ಅದನ್ನು ಹೊರಲೇಬೇಕು. kVAh ಎರಡನ್ನೂ ಸೇರಿಸಿ ಅಳೆಯುತ್ತದೆ. 4,200 ಅನ್ನು 5,250ರಿಂದ ಭಾಗಿಸಿದರೆ 0.80. ಇದೇ ನಿಮ್ಮ ತಿಂಗಳ ಸರಾಸರಿ ಪವರ್ ಫ್ಯಾಕ್ಟರ್. ಅದು 0.95ಕ್ಕೆ ಏರಿದರೆ ಅಷ್ಟೇ ಕೆಲಸಕ್ಕೆ kVAh ಸುಮಾರು 4,420ಕ್ಕೆ ಇಳಿಯುತ್ತದೆ.

MD ಎಂದರೆ ಮ್ಯಾಕ್ಸಿಮಮ್ ಡಿಮ್ಯಾಂಡ್. ಮೋಟಾರ್ ಸ್ಟಾರ್ಟ್ ಆಗುವಾಗ ಕ್ಷಣಕಾಲ ಎಳೆಯುವ ಕರೆಂಟನ್ನು ಇದು ಹಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೀಟರ್ 15 ಅಥವಾ 30 ನಿಮಿಷಕ್ಕೊಮ್ಮೆ ಸರಾಸರಿ ತೆಗೆದು, ಮುಂದಿನ ರೀಸೆಟ್ ತನಕ ಅವುಗಳಲ್ಲಿ ಅತಿ ದೊಡ್ಡದನ್ನು ಉಳಿಸಿಕೊಳ್ಳುತ್ತದೆ. 30 ನಿಮಿಷದ ಅವಧಿಯಲ್ಲಿ 12 kW ಹೀಟರ್ 10 ನಿಮಿಷ ಉರಿದರೆ ಸರಾಸರಿಗೆ 4 kW ಮಾತ್ರ ಸೇರುತ್ತದೆ. ಅವಧಿಯಿಡೀ ಉರಿದರೆ ಪೂರ್ತಿ 12. ಹೀಗಾಗಿ ದೊಡ್ಡ ಯಂತ್ರಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ನಡೆಸಿದರೆ MD ಇಳಿಯುತ್ತದೆ. ಅಂದಹಾಗೆ, ಪರದೆಯಲ್ಲಿರುವ 30 ಎಂಬ ಅಂಕಿ kW ಲೆಕ್ಕದ್ದೋ kVA ಲೆಕ್ಕದ್ದೋ ನೋಡಿಕೊಳ್ಳಿ. ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಇರುವ ಮೀಟರಾದರೆ ಬಿಲ್ಲಿನಲ್ಲಿರುವ ಗುಣಕದಿಂದ ಗುಣಿಸಬೇಕಾಗಬಹುದು.

ನಿಮ್ಮ 30 kVA ಎಂದೇ ಇಟ್ಟುಕೊಳ್ಳೋಣ. ಆ ಹೊತ್ತಿನಲ್ಲೂ ಪವರ್ ಫ್ಯಾಕ್ಟರ್ 0.80 ಇದ್ದಿದ್ದರೆ ನಿಜವಾದ ಲೋಡ್ 24 kW. ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಲು, ಮೋಟಾರಿಗೆ ಬೇಕಾದ ಆ ಹೋಗಿ ಬರುವ ಕರೆಂಟನ್ನು ಅಲ್ಲೇ ಒದಗಿಸುವ ಸುಮಾರು 10 kVAr ಕೆಪಾಸಿಟರ್ ಸಾಕು. ಡಿಮ್ಯಾಂಡ್ ಕೂಡ 25 kVA ಆಸುಪಾಸಿಗೆ ಬರುತ್ತದೆ.

ಕೆಪಾಸಿಟರ್ ಹಾಕಿಸಿ ಮರೆತುಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ರಾತ್ರಿ ಮೋಟಾರುಗಳು ನಿಂತ ಮೇಲೂ ಅದು ಲೈನಿನಲ್ಲೇ ಉಳಿದರೆ ಪವರ್ ಫ್ಯಾಕ್ಟರ್ ಲೀಡಿಂಗ್ ಕಡೆಗೆ, ಅಂದರೆ ಕರೆಂಟ್ ವೋಲ್ಟೇಜಿಗಿಂತ ಮುಂದಾಗುವ ಕಡೆಗೆ ಹೋಗುತ್ತದೆ. ಲೀಡಿಂಗನ್ನೂ ಲೆಕ್ಕಕ್ಕೆ ಹಿಡಿಯುವ ಮೀಟರಿನಲ್ಲಿ, 10 ಗಂಟೆಯಲ್ಲಿ ದೀಪಗಳು 20 kWh ಬಳಸಿದರೂ ಆ 10 kVAr ಕೆಪಾಸಿಟರಿನಿಂದಾಗಿ kVAh 102ರಷ್ಟು ಏರುತ್ತದೆ. ಸಂಜೆ ಬಾಗಿಲು ಹಾಕುವಾಗ, ಬೆಳಿಗ್ಗೆ ತೆರೆಯುವಾಗ kWh, kVAh ಎರಡೂ ರೀಡಿಂಗ್ ಬರೆದಿಟ್ಟರೆ ಇದು ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಹಾಗಿದ್ದರೆ ಕೆಪಾಸಿಟರನ್ನು ಮೋಟಾರಿನ ಜೊತೆಯಲ್ಲೇ ಆನ್, ಆಫ್ ಆಗುವಂತೆ ಎಲೆಕ್ಟ್ರಿಷಿಯನ್ ಕೈಲಿ ಜೋಡಣೆ ಮಾಡಿಸಿ, ಇಲ್ಲವೇ ಲೋಡ್ ನೋಡಿ ತಾನೇ ಬದಲಾಯಿಸುವ ಆಟೊಮ್ಯಾಟಿಕ್ ಪ್ಯಾನೆಲ್ ಹಾಕಿಸಿ.