ಮಾಲ್‌ನಲ್ಲಿ ಮಗು ತಪ್ಪಿಸಿಕೊಂಡಾಗ: ಇಪ್ಪತ್ತೆಂಟು ನಿಮಿಷಗಳ ವರದಿ

ಮಗು ಕಾಣಿಸುತ್ತಿಲ್ಲ ಅಂತ ಓಡಿ ಬರುವವರನ್ನು ನಾನು ಮೊದಲು ಕೇಳುವುದು ಹೆಸರನ್ನಲ್ಲ, ಬಟ್ಟೆಯ ಬಣ್ಣವನ್ನೂ ಅಲ್ಲ. ಕೊನೆಗೆ ಎಷ್ಟು ಗಂಟೆಗೆ, ಎಲ್ಲಿ ನೋಡಿದಿರಿ ಅಂತ ಕೇಳುತ್ತೇನೆ. ಬಹುತೇಕ ಎಲ್ಲರೂ ಹೇಳುವ ಉತ್ತರ ಒಂದೇ: "ಈಗರೆ ಇಲ್ಲೇ ಇದ್ದ್ರಿ, ಎರಡು ನಿಮಿಷನೂ ಆಗಿಲ್ರಿ." ಅವರು ಸುಳ್ಳು ಹೇಳುತ್ತಿಲ್ಲ. ಗಾಬರಿಯಾದಾಗ ಸಮಯದ ಲೆಕ್ಕ ಯಾರಿಗೂ ಸರಿಯಾಗಿ ಸಿಗುವುದಿಲ್ಲ. ಆದರೆ ಎರಡು ನಿಮಿಷ ಅಂದರೆ ಹುಡುಕುವುದು ಆ ಅಂಗಡಿಯಲ್ಲಿ, ಒಂಬತ್ತು ನಿಮಿಷ ಅಂದರೆ ಇಡೀ ಕಟ್ಟಡದಲ್ಲಿ. ನಾಲ್ಕು ವರ್ಷದ ಮಗು ಒಂಬತ್ತು ನಿಮಿಷದಲ್ಲಿ ಲಿಫ್ಟ್ ಹತ್ತಿ ಯಾವ ಮಹಡಿಗೆ ಬೇಕಾದರೂ ಹೋಗಬಲ್ಲದು.

ಕಲಬುರಗಿಯ ಒಂದು ಮಾಲ್‌ನಲ್ಲಿ ನಾನು ಭದ್ರತಾ ಮೇಲ್ವಿಚಾರಕ. ಮದುವೆ ಸೀಸನ್ನಿನ ಒಂದು ಭಾನುವಾರ ಸಂಜೆಯ ಪ್ರಕರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆ ದಿನಗಳಲ್ಲಿ ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಟ್ಟೆ ಖರೀದಿಗೆ ಬರುತ್ತಾರೆ. ಅಂಥ ಗದ್ದಲದಲ್ಲೇ ಮಕ್ಕಳು ಕೈ ಬಿಡಿಸಿಕೊಳ್ಳುವುದು.

7:17ಕ್ಕೆ ತಾಯಿಯೊಬ್ಬರು ಮೊದಲ ಮಹಡಿಯ ಗಾರ್ಡ್ ಹತ್ತಿರ ಬಂದರು. ನಾಲ್ಕು ವರ್ಷದ ಗಂಡು ಮಗು ಬಟ್ಟೆ ಅಂಗಡಿಯ ಬಿಲ್ ಕೌಂಟರ್ ಪಕ್ಕ ನಿಂತಿದ್ದ, ತಿರುಗಿ ನೋಡಿದರೆ ಇಲ್ಲ. ಎಷ್ಟು ಹೊತ್ತಾಯಿತು ಅಂದರೆ ಅದೇ ಎರಡು ನಿಮಿಷ. ಗಾರ್ಡ್ ಜಾಣ. "ಯಕ್ಕಾ, ಬಿಲ್ ರೊಕ್ಕ ಫೋನ್‌ನಾಗ ಹಾಕಿರಿ? ಮೆಸೇಜ್ ತೋರ್ಸ್ರಿ" ಅಂದ. ಹಣ ಹೋದ ಮೆಸೇಜ್‌ನಲ್ಲಿ ಸಮಯ 7:08 ಇತ್ತು. ಹಣ ಹಾಕುವಾಗ ಮಗು ಸೆರಗು ಹಿಡಿದುಕೊಂಡಿತ್ತು ಅಂತ ತಾಯಿಗೆ ಚೆನ್ನಾಗಿ ನೆನಪಿತ್ತು. ಅಂದರೆ ಕಳೆದದ್ದು ಎರಡು ನಿಮಿಷ ಅಲ್ಲ, ಒಂಬತ್ತು. ಅಷ್ಟು ಹೊತ್ತು ಮನೆಯವರೇ ಅಂಗಡಿ ಅಂಗಡಿ ಸುತ್ತಿದ್ದರು. ಇದು ಎಲ್ಲ ಕಡೆ ಆಗುವಂಥದ್ದೇ. ಮೊದಲು ನಾವೇ ನೋಡೋಣ, ಸುಮ್ನೆ ಯಾಕೆ ಗಲಾಟೆ ಅಂತ ಜನ ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಮಗು ಐದು ನಿಮಿಷದಲ್ಲಿ ತಾನೇ ಸಿಕ್ಕರೂ ನಮಗೇನೂ ಬೇಸರ ಇಲ್ಲ.

7:18ಕ್ಕೆ ವಾಕಿಟಾಕಿಯಲ್ಲಿ ನನಗೆ ಸುದ್ದಿ ಬಂತು. ಇಂಥ ಸುದ್ದಿಗೆ ನಮ್ಮಲ್ಲಿ ಒಂದು ಗುಟ್ಟಿನ ಮಾತಿದೆ, ಸಿಬ್ಬಂದಿಗೆ ಮಾತ್ರ ಅರ್ಥ ಆಗುತ್ತದೆ. ಈ ಪದ್ಧತಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಲ್ಲಿ 1994ರಲ್ಲಿ 'ಕೋಡ್ ಆಡಂ' ಅನ್ನುವ ಹೆಸರಲ್ಲಿ ಶುರುವಾಯಿತು. 1981ರಲ್ಲಿ ಫ್ಲೋರಿಡಾದ ಒಂದು ಅಂಗಡಿಯಿಂದ ಕಾಣೆಯಾಗಿ ಕೊಲೆಯಾದ ಆರು ವರ್ಷದ ಹುಡುಗನ ಹೆಸರು ಅದು. ಅದರ ಮುಖ್ಯ ನಿಯಮಗಳು ಇಲ್ಲಿಗೂ ಒಪ್ಪುತ್ತವೆ. ಬಾಗಿಲುಗಳ ಮೇಲೆ ನಿಗಾ ಇಡಬೇಕು. ಗುರುತು ಎಲ್ಲರಿಗೂ ತಲುಪಬೇಕು. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಪೊಲೀಸರಿಗೆ ಫೋನ್ ಹೋಗಬೇಕು.

ಗುರುತು ಕೇಳುವಾಗ ಬೂಟಿನ ಬಗ್ಗೆಯೂ ಕೇಳಬೇಕು. ಯಾರಾದರೂ ಮಗುವನ್ನು ಕರೆದೊಯ್ಯುತ್ತಿದ್ದರೆ ಮೇಲೊಂದು ಅಂಗಿ ಹಾಕಿ ಗುರುತು ತಪ್ಪಿಸಬಹುದು. ಬೂಟು ಬದಲಿಸುವುದು ಅಷ್ಟು ಸುಲಭ ಅಲ್ಲ. ಈ ತಾಯಿ ಮೊದಲು ಹೇಳಿದ್ದು ಹಳದಿ ಟೀ ಶರ್ಟ್, ನೀಲಿ ಚಡ್ಡಿ. ಬೂಟು ಅಂದ ಕೂಡಲೇ "ಹಾಂ, ನಡದ್ರ ಲೈಟ್ ಹತ್ತೋ ಬೂಟ್ರಿ" ಅಂದರು. ಮಧ್ಯಾಹ್ನವೇ ತೆಗೆದ ಒಂದು ಫೋಟೋ ಅವರ ಫೋನ್‌ನಲ್ಲಿತ್ತು, ಅದು ನಮ್ಮ ಗುಂಪಿಗೆ ಹೋಯಿತು. ಇನ್ನೊಂದು ಪ್ರಶ್ನೆ: "ಮನ್ಯಾಗ ಏನಂತ ಕರೀತೀರಿ?" ಚಿಕ್ಕ ಮಕ್ಕಳು ಶಾಲೆಯ ಹೆಸರಿಗೆ ಎಷ್ಟೋ ಸಲ ಓಗೊಡುವುದಿಲ್ಲ. ಈ ಹುಡುಗ ಮನೆಯಲ್ಲಿ ಗುಂಡ್ಯಾ.

ಆ ಹೆಸರನ್ನು ಮೈಕ್‌ನಲ್ಲಿ ಕೂಗುವುದಿಲ್ಲ. ಕೂಗಿದರೆ ಅದು ಅಪರಿಚಿತರ ಕಿವಿಗೂ ಬೀಳುತ್ತದೆ. ಹೆಸರಿಟ್ಟು ಕರೆಯುವವರನ್ನು ಮಗು ನಂಬುತ್ತದೆ, ಅಲ್ವಾ?

7:19ಕ್ಕೆ ಬಾಗಿಲುಗಳು. ಬೀಗ ಹಾಕುವುದು ಅಂತ ಕೆಲವರು ತಿಳಿದಿರುತ್ತಾರೆ. ಹಾಗೆ ಮಾಡಲೇಬಾರದು. ಅಷ್ಟು ಜನ ಇರುವ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಹೊರಗೆ ಓಡುವ ದಾರಿ ಮುಚ್ಚಿದರೆ ಅದಕ್ಕಿಂತ ದೊಡ್ಡ ಅನಾಹುತ ಆಗಬಹುದು. ಮುಖ್ಯ ಗೇಟು, ಪಕ್ಕದ ಗೇಟು, ಸರಕು ಇಳಿಸುವ ಬಾಗಿಲು, ಪಾರ್ಕಿಂಗ್ ರ‍್ಯಾಂಪ್, ಈ ನಾಲ್ಕೂ ಕಡೆ ಒಬ್ಬೊಬ್ಬರು ನಿಂತು, ಚಿಕ್ಕ ಮಕ್ಕಳ ಜೊತೆ ಹೊರಗೆ ಹೋಗುವವರನ್ನು ವಿನಯದಿಂದ ಒಂದು ನಿಮಿಷ ನಿಲ್ಲಿಸಿ ನೋಡುತ್ತಾರೆ. ನಮಗೆ ಪೊಲೀಸರ ಅಧಿಕಾರ ಇಲ್ಲ. ವಿನಂತಿ ಮಾಡಬಹುದು, ಅಷ್ಟೆ.

7:20ಕ್ಕೆ ಹುಡುಕಾಟ ಶುರು. ಮಗು ಇರಬಹುದಾದ ಜಾಗಕ್ಕಿಂತ ಮೊದಲು ಮಗುವಿಗೆ ಅಪಾಯ ಆಗಬಹುದಾದ ಜಾಗ ನೋಡಬೇಕು. ಎಸ್ಕಲೇಟರ್ ತುದಿಗಳು, ಪಾರ್ಕಿಂಗ್ ರ‍್ಯಾಂಪ್, ಟೆರೇಸ್ ಬಾಗಿಲು, ನೀರಿನ ಟ್ಯಾಂಕ್ ಕಡೆ ಹೋಗುವ ದಾರಿ. ಆಟದ ಜಾಗ, ಐಸ್‌ಕ್ರೀಮ್ ಅಂಗಡಿ ಆಮೇಲೆ. ಬಟ್ಟೆ ಅಂಗಡಿಯೊಳಗೆ ಅಲ್ಲಿನ ಹುಡುಗಿಯರೇ ಹ್ಯಾಂಗರ್ ಸಾಲುಗಳನ್ನು ಸರಿಸಿ, ಟ್ರಯಲ್ ರೂಮಿನ ಬಾಗಿಲ ಕೆಳಗೆ ಬಗ್ಗಿ ನೋಡಿದರು. ನಿಂತು ನೋಡಿದರೆ ಸಾಲದು. ನಾಲ್ಕು ವರ್ಷದ ಮಗುವಿನ ತಲೆ ನಮ್ಮ ಸೊಂಟಕ್ಕೆ ಬರುತ್ತದೆ. ಕೂತರೆ ಇನ್ನೂ ಕೆಳಗೆ.

7:21ಕ್ಕೆ ನಾನು ಕ್ಯಾಮೆರಾ ರೂಮಿನಲ್ಲಿ ಇದ್ದೆ. ಇಲ್ಲಿ ಎಲ್ಲರಿಗೂ ಆಗುವ ಆಸೆ ಏನೆಂದರೆ, ಈಗ ಕಾಣುತ್ತಿರುವ ಹದಿನಾರು ಚೌಕಗಳಲ್ಲಿ ಹಳದಿ ಅಂಗಿ ಹುಡುಕುವುದು. ಅದರಲ್ಲಿ ಸಮಯ ಹಾಳಾಗುತ್ತದೆ. ಕೊನೆಗೆ ನೋಡಿದ ಜಾಗದ ಒಂದೇ ಕ್ಯಾಮೆರಾ ತೆಗೆದು, ಕೊನೆಗೆ ನೋಡಿದ ನಿಮಿಷಕ್ಕೆ ಹಿಂದೆ ಹೋಗಿ, ಅಲ್ಲಿಂದ ಮಗುವಿನ ಹಿಂದೆಯೇ ಮುಂದೆ ಬರಬೇಕು. ಅದಕ್ಕೇ ಆ 7:08 ನಮಗೆ ಅಷ್ಟು ಬೇಕಾಗಿದ್ದು. ಒಂದು ಎಚ್ಚರ ಮಾತ್ರ ಬೇಕು: ರೆಕಾರ್ಡಿಂಗ್ ಪೆಟ್ಟಿಗೆಯ ಗಡಿಯಾರ ನಿಜ ಸಮಯಕ್ಕೆ ಹೊಂದಿರುವುದು ಕಡಿಮೆ. ಆ ದಿನ ನಮ್ಮದು ನಾಲ್ಕು ನಿಮಿಷ ಮುಂದಿತ್ತು. ಹೀಗಾಗಿ ನಾನು ನೋಡಬೇಕಾದದ್ದು ಪರದೆಯ 7:12. ಗೊತ್ತಿಲ್ಲದೆ 7:08 ನೋಡಿದ್ದರೆ ತಾಯಿ ಮಗು ಇನ್ನೂ ಸೀರೆ ಆರಿಸುತ್ತಿರುವುದು ಕಾಣುತ್ತಿತ್ತು. ವರದಿಯಲ್ಲಿ ನಾನು ಯಾವಾಗಲೂ ಎರಡು ಕಾಲಂ ಹಾಕುತ್ತೇನೆ, ನಿಜ ಸಮಯ ಒಂದು, ಕ್ಯಾಮೆರಾ ಸಮಯ ಒಂದು. ಇಲ್ಲಿ ಹೇಳುತ್ತಿರುವುದೆಲ್ಲ ನಿಜ ಸಮಯ.

7:24ರ ಹೊತ್ತಿಗೆ ದಾರಿ ಸಿಕ್ಕಿತು. 7:09ಕ್ಕೆ ಮಗು ಅಂಗಡಿಯಿಂದ ಹೊರಗೆ ಬಂದಿದೆ. ಹೊರಗಿನ ಬೆಂಚಿನ ಮೇಲೆ ಅವನ ಮುತ್ಯಾ, ಅಂದರೆ ಅಜ್ಜ, ಕೂತಿರಬೇಕಿತ್ತು, ಅವರು ಶೌಚಾಲಯಕ್ಕೆ ಎದ್ದು ಹೋಗಿದ್ದರು. ಅಷ್ಟರಲ್ಲಿ ಬಿಳಿ ಧೋತರ, ತಲೆಗೆ ರುಮಾಲು ಸುತ್ತಿದ ಬೇರೊಬ್ಬ ಹಿರಿಯರು ಲಿಫ್ಟ್ ಕಡೆ ನಡೆದರು. ಮಗು ಅವರ ಹಿಂದೆ ಓಡಿತು. 7:10ಕ್ಕೆ ಇಬ್ಬರೂ ಲಿಫ್ಟ್ ಒಳಗೆ. 7:11ಕ್ಕೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹೊರಗೆ.

ಪಕ್ಕದಲ್ಲಿದ್ದ ಹುಡುಗ "ಸರ್, ಕರ್ಕೊಂಡ್ ಹೊಂಟಾನ್ರಿ" ಅಂದ. ಪಟಕ್ಕನೆ ನೋಡಿದರೆ ಹಾಗೇ ಕಾಣುತ್ತದೆ. ನಿಧಾನಕ್ಕೆ ಇನ್ನೊಮ್ಮೆ ನೋಡಿದೆವು. ಆ ಹಿರಿಯರು ಒಮ್ಮೆಯೂ ಹಿಂದೆ ತಿರುಗಿಲ್ಲ. ಕೈ ಹಿಡಿದಿಲ್ಲ. ಲಿಫ್ಟ್‌ನಲ್ಲಿ ಇನ್ನೊಂದು ಕುಟುಂಬ ಇದೆ, ಮಗು ಅವರದು ಅಂತ ಇವರು, ಇವರದು ಅಂತ ಅವರು ತಿಳಿದಿರಬೇಕು. ವಾಕಿಟಾಕಿಯಲ್ಲಿ ನಾನು ಹೇಳಿದ್ದು ಇಷ್ಟೇ: "ಮಗು ಒಬ್ಬ ಹಿರಿಯರ ಹಿಂದೆ ಬೇಸ್‌ಮೆಂಟ್‌ಗೆ ಹೋಗಿದೆ." ಕಣ್ಣಿಗೆ ಕಂಡಿದ್ದು ಅದು ಮಾತ್ರ.

ಈ ವಿಷಯದಲ್ಲಿ ನಮ್ಮ ಭಾಗದವರು ಬೇರೆಯವರಿಗಿಂತ ಜಾಸ್ತಿ ಹುಷಾರಾಗಿರಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟರು ಅನ್ನುವ ಕಾರಣಕ್ಕೆ ಕಾರಿನಲ್ಲಿ ಬಂದವರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆಯಿತು. ಹೈದರಾಬಾದಿನ ಒಬ್ಬ ಯುವಕ ಜೀವ ಕಳೆದುಕೊಂಡ. ವಾಟ್ಸಾಪ್‌ನಲ್ಲಿ ಹಬ್ಬಿದ ಸುದ್ದಿ ಇಷ್ಟು ಮಾಡಿತು. ಭಾನುವಾರ ಸಂಜೆಯ ಮಾಲ್‌ನಲ್ಲಿ 'ಕಳ್ಳ' ಅನ್ನುವ ಒಂದು ಮಾತು ವಾಕಿಟಾಕಿಯಿಂದ ಜನರ ಕಿವಿಗೆ ಬಿದ್ದರೆ, ಆ ರುಮಾಲಿನ ಅಜ್ಜನ ಗತಿ ಏನು? ರುಮಾಲು ಸುತ್ತಿದ ಇನ್ನೆಷ್ಟು ಅಜ್ಜಂದಿರು ಅಲ್ಲಿದ್ದರು!

ಆದರೆ ಒಳ್ಳೆಯದನ್ನೇ ಊಹಿಸಿ ಕೂರುವಂತೆಯೂ ಇಲ್ಲ. ಪಾರ್ಕಿಂಗ್‌ನ ಕಂಬಗಳ ನಡುವೆ ಕ್ಯಾಮೆರಾ ಇರಲಿಲ್ಲ. 7:14ಕ್ಕೆ ಆ ಹಿರಿಯರು ಕೂತ ಕಾರು ರ‍್ಯಾಂಪ್ ಹತ್ತಿ ಹೊರಗೆ ಹೋಗಿತ್ತು, ಅಂದರೆ ನಮಗೆ ಸುದ್ದಿ ಬರುವ ಮೊದಲೇ. ಹಿಂದಿನ ಸೀಟು ಕ್ಯಾಮೆರಾದಲ್ಲಿ ಕಾಣುತ್ತಿರಲಿಲ್ಲ. 7:27ಕ್ಕೆ ನಾಲ್ವರು ಬೇಸ್‌ಮೆಂಟ್‌ಗೆ ಇಳಿದರು, ರ‍್ಯಾಂಪ್‌ನಲ್ಲಿ ವಾಹನಗಳನ್ನು ನಿಲ್ಲಿಸಿದೆವು. 7:28ಕ್ಕೆ, ಹತ್ತು ನಿಮಿಷ ತುಂಬಿದ ಕೂಡಲೇ, 112ಕ್ಕೆ ಫೋನ್ ಮಾಡಿ ಗುರುತು, ಕೊನೆಗೆ ಕಂಡ ಜಾಗ, ಸಮಯ, ಹೊರಗೆ ಹೋದ ಕಾರಿನ ನಂಬರ್ ಕೊಟ್ಟೆ. ಮಗು ಕಾರಿನಲ್ಲಿ ಇದ್ದದ್ದು ಕಂಡಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದೆ.

7:31ಕ್ಕೆ ಸಿಕ್ಕಿದ. ಗಾರ್ಡ್‌ಗಳು ಜೋರಾಗಿ ಕರೆದಾಗ ಅವನು ಸದ್ದೇ ಮಾಡಲಿಲ್ಲ. ಯೂನಿಫಾರ್ಮ್ ಹಾಕಿದವರು ಕೂಗಿಕೊಂಡು ಬಂದರೆ ಮಗು ಬೈಸಿಕೊಳ್ಳುತ್ತೇನೆ ಅಂತ ಇನ್ನೂ ಒಳಗೆ ಸರಿಯುತ್ತದೆ. ಸ್ವಚ್ಛತೆ ಕೆಲಸದ ಒಬ್ಬ ಅಕ್ಕ ನೆಲದ ಮೇಲೆ ಮೊಣಕಾಲೂರಿ ಕಾರುಗಳ ಕೆಳಗೆ ನೋಡುತ್ತಾ ಹೋದರು. ಮೂರನೇ ಸಾಲಿನಲ್ಲಿ, ಕಂಬ ಮತ್ತು ಒಂದು ಜೀಪಿನ ನಡುವೆ, ಕೆಂಪು ದೀಪ ಮಿಣಕ್ ಅಂತು. ಅವನು ಕಾಲು ಅಲ್ಲಾಡಿಸಿದ್ದ. ಅಕ್ಕ ಹತ್ತಿರ ಹೋಗಲಿಲ್ಲ, ಅಲ್ಲೇ ಕೂತು "ಗುಂಡ್ಯಾ, ಅವ್ವ ಕರ್ಯಾಕತ್ಯಾಳ ಬಾರೋ" ಅಂದರು. ಆಮೇಲೆ ಅತ್ತ. ಅಳು ಕೇಳಿ ನಮಗೆಲ್ಲ ಜೀವ ಬಂದಂತಾಯಿತು.

ಸಿಕ್ಕ ಮಗುವನ್ನು ಜನರ ಮಧ್ಯೆ ಎತ್ತಿಕೊಂಡು ಮೇಲೆ ಬರುವುದಿಲ್ಲ. ಮಗು ಇದ್ದಲ್ಲಿಗೆ ಮನೆಯವರನ್ನು ಕರೆಸುತ್ತೇವೆ. ವಿಡಿಯೊ ತೆಗೆಯುವವರನ್ನು ದೂರ ಇಡುತ್ತೇವೆ. 7:36ಕ್ಕೆ ತಾಯಿ, ಮುತ್ಯಾ ಇಬ್ಬರೂ ಬಂದರು. ಮಗು ಮುತ್ಯಾನ ಕಡೆ ಕೈ ಚಾಚಿ "ನೀ ಯಾಕ ನಿಲ್ಲಲಿಲ್ಲ" ಅಂತ ಜಗಳಕ್ಕೆ ನಿಂತ. ಸಂಬಂಧ ತಿಳಿಯುವುದಕ್ಕೆ ಅದೇ ಸಾಕು ಅನಿಸಬಹುದು, ಆದರೂ ಫೋಟೋ ನೋಡಿ, ಗುರುತಿನ ಚೀಟಿ ನೋಡಿ, ಹೆಸರು ಫೋನ್ ನಂಬರ್ ಬರೆದು ಸಹಿ ತೆಗೆದುಕೊಂಡೆವು. ಗಾಯ ಇಲ್ಲ ಅಂತ ತಾಯಿಯ ಎದುರೇ ನೋಡಿ, ನೀರು ಕೊಟ್ಟೆವು.

ಎಲ್ಲ ಸಲವೂ ಮನೆಯವರು ಎದುರಿಗೇ ಇರುವುದಿಲ್ಲ. ಮೊದಲು ಮಗು ಸಿಕ್ಕು, ಯಾರದು ಅಂತ ಗೊತ್ತಾಗದಿದ್ದರೆ, "ನಮ್ಮ ಓಣಿ ಹುಡುಗ, ನಾ ಬಿಡ್ತೀನಿ" ಅಂದವರ ಕೈಗೆ ಕೊಡುವುದಿಲ್ಲ. 1098 ಅಥವಾ 112ಕ್ಕೆ ತಿಳಿಸುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗು ಸಿಕ್ಕವರು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು.

7:38ಕ್ಕೆ 112ಕ್ಕೆ ಮತ್ತೆ ಫೋನ್ ಮಾಡಿ ಮಗು ಸಿಕ್ಕಿದೆ, ಕಾರಿನವರದು ಏನೂ ತಪ್ಪಿಲ್ಲ, ಅವರನ್ನು ತಡೆಯಬೇಕಿಲ್ಲ ಅಂತ ಹೇಳಿದೆ. ಈ ಎರಡನೇ ಫೋನ್ ಮರೆತರೆ ಯಾವುದೋ ರಸ್ತೆಯಲ್ಲಿ ಒಬ್ಬ ಅಜ್ಜ ಕಾರಣವೇ ಇಲ್ಲದೆ ಇಳಿದು ನಿಲ್ಲಬೇಕಾಗುತ್ತದೆ. ನಂತರ ಎಲ್ಲ ಗೇಟುಗಳಿಗೂ ಸುದ್ದಿ ಕೊಟ್ಟು, ಒಬ್ಬೊಬ್ಬರಿಂದಲೂ ತಿಳಿಯಿತು ಅನ್ನುವ ಉತ್ತರ ತೆಗೆದುಕೊಂಡೆ.

ಆ ರಾತ್ರಿಯೇ ಮೂರು ಕ್ಯಾಮೆರಾಗಳ ತುಣುಕನ್ನು ಬೇರೆ ಡ್ರೈವ್‌ಗೆ ತೆಗೆದಿಟ್ಟೆವು. ಡಿಸ್ಕ್ ತುಂಬಿದ ಮೇಲೆ ರೆಕಾರ್ಡರ್ ಹಳೆಯದರ ಮೇಲೆಯೇ ಬರೆಯುತ್ತದೆ, ಆಮೇಲೆ ಪೊಲೀಸರು ಕೇಳಿದರೂ ಸಿಗುವುದಿಲ್ಲ. ವರದಿಯ ಕೊನೆಯಲ್ಲಿ ಆಡಳಿತಕ್ಕೆ ಎರಡು ಬೇಡಿಕೆ ಬರೆದೆ: ಬೇಸ್‌ಮೆಂಟ್ ಲಿಫ್ಟ್ ಬಾಗಿಲಲ್ಲಿ ಶನಿವಾರ, ಭಾನುವಾರ ಸಂಜೆ ಒಬ್ಬ ಗಾರ್ಡ್, ಕಂಬಗಳ ಸಾಲಿಗೆ ಎರಡು ಕ್ಯಾಮೆರಾ. ಗಾರ್ಡ್ ಮುಂದಿನ ವಾರವೇ ಬಂದ. ಕ್ಯಾಮೆರಾಗಳಿಗೆ ಇನ್ನೂ ಕೇಳುತ್ತಲೇ ಇದ್ದೇನೆ.