ಫಾರ್ವರ್ಡ್ ದರ ಹೆಚ್ಚಿದ್ದರೆ ಬೆಲೆ ಏರುತ್ತದೆ ಎಂದರ್ಥವೇ?

ಪ್ರಶ್ನೆ: ಏಪ್ರಿಲ್‌ನಲ್ಲಿ ಅರಿಶಿನ ಕ್ವಿಂಟಲ್‌ಗೆ 14,000 ರೂಪಾಯಿ ಇದೆ ಎಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಮಾಲು ಕೊಡುವ ಕರಾರಿಗೆ ಇಂದೇ 15,200 ಎಂದು ಫಾರ್ವರ್ಡ್ ದರ ಹೇಳಿದರೆ, ಬೆಲೆ ಅಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಬೇಕೇ?

ಉತ್ತರ: ಬೇಕಿಲ್ಲ. ಆ 1,200 ರೂಪಾಯಿಯಲ್ಲಿ ಹೆಚ್ಚಿನ ಪಾಲು ಬರೀ ಖರ್ಚು. ಕರಾರು ಬರೆದವರು ಇಂದೇ ಮಾಲು ಕೊಂಡು ಆರು ತಿಂಗಳು ಇಟ್ಟುಕೊಂಡರೆ ಎಷ್ಟಾಗುತ್ತದೆಂದು ನೋಡಿ. ಇದೇ ಕಾಸ್ಟ್ ಆಫ್ ಕ್ಯಾರಿ.

ಶುರು ತೂಕದಿಂದ. ಗೋದಾಮಿನಲ್ಲಿ ಅರಿಶಿನ ಒಣಗಿ ಶೇ 1ರಷ್ಟು ಇಳಿಯುತ್ತದೆಂದರೆ, 100 ಕಿಲೋ ಒಪ್ಪಿಸಲು 101 ಕಿಲೋಗಿಂತ ತುಸು ಹೆಚ್ಚು ಕೊಳ್ಳಬೇಕು. ಅದಕ್ಕೆ 14,141 ರೂಪಾಯಿ. ಸಾಲದ ಬಡ್ಡಿ ವರ್ಷಕ್ಕೆ ಶೇ 10 ಆದರೆ ಆರು ತಿಂಗಳಿಗೆ 707. ಬಾಡಿಗೆ, ವಿಮೆ ತಿಂಗಳಿಗೆ 15ರಂತೆ 90. ಮುಂಗಡ ಕಟ್ಟಿದ್ದರೆ ಅದರ ಬಡ್ಡಿ ಇನ್ನೊಂದು ನಾಲ್ಕೂವರೆ. ಒಟ್ಟು ಸುಮಾರು 14,943. ತೂಕ ಇಳಿಕೆಯನ್ನು ಮರೆತವರಿಗೆ 14,795 ಬರುತ್ತದೆ; ಹೆಚ್ಚಿನವರು ಎಡವುವುದು ಇಲ್ಲೇ.

15,200 ಸಿಕ್ಕರೆ ಮಾಲು ಕೊಂಡಿಟ್ಟು ಕರಾರು ಮಾರಿದವರಿಗೆ ಕ್ವಿಂಟಲ್‌ಗೆ 257 ಉಳಿಯುತ್ತದೆ. ದಲ್ಲಾಳಿ, ಹಮಾಲಿ, ಸಾಗಣೆ ಇದರಲ್ಲೇ ಕಳೆಯಬೇಕು. ಕಳೆದ ಮೇಲೂ ಲಾಭ ಉಳಿದರೆ ಹಲವರು ಇದನ್ನೇ ಮಾಡುತ್ತಾರೆ, ದರ ತಾನಾಗಿ ಇಳಿಯುತ್ತದೆ.

ದರ 14,400 ಆಗಿದ್ದರೆ? ಈಗ ಮಾರಿ, 14,943ಕ್ಕಿಂತ ಅಗ್ಗವಾದ ಈ ಕರಾರಿನಲ್ಲಿ ಅಕ್ಟೋಬರ್‌ಗೆ ಕೊಳ್ಳೋಣವೆನ್ನಿಸಬಹುದು. ಆದರೆ ಅದು ದಾಸ್ತಾನು ಇದ್ದವರಿಗೆ ಮಾತ್ರ ಸಾಧ್ಯ. ಮಸಾಲೆ ಕಾರ್ಖಾನೆಯವರ ಬಳಿ ದಾಸ್ತಾನು ಇದ್ದರೂ, ಮಿಲ್ ನಿಲ್ಲಿಸಿ ಮಾರುವುದಿಲ್ಲ. ಹಾಗಾಗಿ ಸರಕಿನ ವಿಷಯದಲ್ಲಿ ಈ ಲೆಕ್ಕ ಕೊಡುವುದು ಮೇಲಿನ ಮಿತಿ. ಕೆಳಗೆ ದರ ಎಷ್ಟು ಬೇಕಾದರೂ ಜಾರಬಹುದು. ಅಕ್ಟೋಬರ್‌ನಿಂದ ಏಪ್ರಿಲ್‌ಗೆ ಕರಾರಾದರೆ ನಡುವೆ ಹೊಸ ಬೆಳೆಯೇ ಬರುತ್ತದೆ. ಆಗ ಫಾರ್ವರ್ಡ್ ದರ ಇಂದಿನ ದರಕ್ಕಿಂತ ಕಡಿಮೆ ಇದ್ದರೂ ಆಶ್ಚರ್ಯವಿಲ್ಲ.

ಷೇರಿನಲ್ಲಿ ಇದೇ ಲೆಕ್ಕ ತಿರುವುಮುರುವು. ಅರಿಶಿನ ಇಟ್ಟರೆ ತೂಕ ಕಳೆಯುತ್ತದೆ, ಷೇರು ಇಟ್ಟರೆ ಡಿವಿಡೆಂಡ್ ಬರುತ್ತದೆ. ಅದನ್ನು ಖರ್ಚಿನಿಂದ ಕಳೆಯಬೇಕು. 1,000 ರೂಪಾಯಿಯ ಷೇರು, ಬಡ್ಡಿ ಶೇ 8, ಅವಧಿ ಒಂದು ತಿಂಗಳು: ಬಡ್ಡಿ ಸುಮಾರು 6.70. ಆ ತಿಂಗಳಲ್ಲೇ 15 ರೂಪಾಯಿ ಡಿವಿಡೆಂಡ್ ಇದ್ದರೆ ಫ್ಯೂಚರ್ಸ್‌ನ, ಅಂದರೆ ಷೇರುಪೇಟೆಯಲ್ಲಿ ನಡೆಯುವ ಇಂಥದೇ ಕರಾರಿನ, ನ್ಯಾಯವಾದ ಬೆಲೆ 991.70ರ ಆಸುಪಾಸು. ಇದನ್ನು ಕಂಡು ‘ಷೇರು ಬೀಳುತ್ತದೆ’ ಎಂದು ಮಾರಾಟಕ್ಕೆ ಇಳಿಯುವುದು ತಪ್ಪು. ಎಕ್ಸ್-ಡಿವಿಡೆಂಡ್ ದಿನಾಂಕ, ಅಂದರೆ ಅಂದಿನಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, ಕರಾರು ಮುಗಿಯುವ ಮೊದಲೇ ಬರುತ್ತದೆಯೇ ಎಂದು ನೋಡಿ. ಕರಾರು ಮುಗಿದ ಮರುದಿನ ಬಂದರೂ ಆ 15 ರೂಪಾಯಿ ಈ ಲೆಕ್ಕಕ್ಕೆ ಸೇರುವುದಿಲ್ಲ.