ಕೊಯ್ದ ಸಾಲಿಗೆ ಅಂದಂದಿನ ಸ್ಲರಿ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಗೋಬರ್ ಗ್ಯಾಸ್ ಇರುವ ಬಹುತೇಕ ಮನೆಗಳಲ್ಲಿ ನಾನು ಕಂಡಿರುವ ಏರ್ಪಾಡು ಒಂದೇ ಬಗೆಯದು. ಘಟಕದ ಬಾಯಿಂದ ಹೊರಬಿದ್ದ ಸ್ಲರಿ ಪಕ್ಕದ ಗುಂಡಿಗೆ ಹರಿದು, ಅಲ್ಲಿಯೇ ಬಿಸಿಲಿಗೆ ಒಣಗಿ, ಮುಂಗಾರಿನ ಮುಂಚೆ ಟ್ರ್ಯಾಕ್ಟರಿನಲ್ಲಿ ಹತ್ತಿಯ ಹೊಲಕ್ಕೋ ಮೆಣಸಿನಕಾಯಿಯ ಹೊಲಕ್ಕೋ ಹೋಗುತ್ತದೆ. ಅದೇ ಮನೆಯವರು ದನಗಳಿಗಾಗಿ ಬೆಳೆದ ನೇಪಿಯರ್ ಹುಲ್ಲಿಗೆ ಪ್ರತಿ ಕೊಯ್ಲಿನ ನಂತರವೂ ಯೂರಿಯಾ ಕೊಂಡು ತಂದು ಹಾಕುತ್ತಾರೆ. ಇಲ್ಲಿ ಆಗುತ್ತಿರುವ ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಘಟಕದಿಂದ ಒಲೆಗೆ ಬರುವ ಅನಿಲವೆಂದರೆ ಮುಖ್ಯವಾಗಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್, ಇವೆರಡರಲ್ಲಿಯೂ ಸಾರಜನಕವಿಲ್ಲ. ಆದ್ದರಿಂದ ಸಗಣಿಯಲ್ಲಿದ್ದ ಸಾರಜನಕವೆಲ್ಲ ಹೆಚ್ಚುಕಡಿಮೆ ಹಾಗೆಯೇ ಸ್ಲರಿಯಲ್ಲಿ ಹೊರಬರುತ್ತದೆ, ಮೇಲಾಗಿ ಅದರ ಒಂದು ಪಾಲು ಬೆಳೆಗೆ ಬೇಗ ಸಿಗುವ ಅಮೋನಿಯಾ ರೂಪಕ್ಕೆ ತಿರುಗಿರುತ್ತದೆ. ತೆರೆದ ಗುಂಡಿಯಲ್ಲಿ ಬಿಸಿಲು ಗಾಳಿಗೆ ಮೊದಲು ಹಾರಿಹೋಗುವುದು ಈ ಪಾಲೇ. ವರ್ಷದ ಕೊನೆಗೆ ಹೊಲಕ್ಕೆ ಹೋಗುವ ಒಣ ಗೊಬ್ಬರದಿಂದ ಮಣ್ಣಿನ ಹದಕ್ಕೆ ಉಪಕಾರವಾಗುತ್ತದೆ, ನಿಜ. ಆದರೆ ತಿಂಗಳೊಪ್ಪತ್ತಿನಲ್ಲಿ ಹುಲ್ಲನ್ನು ಹಸಿರಾಗಿಸುವ ಶಕ್ತಿ ಅದರಲ್ಲಿ ಉಳಿದಿರುವುದಿಲ್ಲ.

ಕುಂದಗೋಳ ತಾಲ್ಲೂಕಿನ ಎರಿಭೂಮಿಯ ಒಂದು ಮನೆತನದ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಅವರಲ್ಲಿ ಎರಡು ಎಮ್ಮೆ, ಮೂರು ಮಿಶ್ರತಳಿ ಆಕಳು, 2 ಘನ ಮೀಟರಿನ ದೀನಬಂಧು ಮಾದರಿಯ ಘಟಕ, ಕೊಳವೆಬಾವಿಯ ನೀರು ಮತ್ತು 20 ಗುಂಟೆ ನೇಪಿಯರ್ ಇವೆ. ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕುತ್ತಾರೆ. ಹೊರಗೆ ಸುಮಾರು 95 ಲೀಟರ್ ಸ್ಲರಿ ಬರುತ್ತದೆ. ತಾಜಾ ಸಗಣಿಯಲ್ಲಿ ಒಣ ಅಂಶ ಐದರಲ್ಲಿ ಒಂದು ಪಾಲು, ಆ ಒಣ ಅಂಶದಲ್ಲಿ ಸಾರಜನಕ ಶೇಕಡಾ ಒಂದೂವರೆಯ ಆಸುಪಾಸು ಎಂದು ಹಿಡಿದರೆ, ದಿನವೊಂದಕ್ಕೆ ಕೈಗೆ ಸಿಗುವ ಸಾರಜನಕ ಸುಮಾರು 150 ಗ್ರಾಂ. ಕೇಳಲು ಇದು ಅತ್ಯಲ್ಪವೆನಿಸುತ್ತದೆ, ಆದರೆ ಎಷ್ಟು ನೆಲಕ್ಕೆ ಎನ್ನುವುದನ್ನು ನೋಡಬೇಕು.

ಅವರ ಹುಲ್ಲಿನ ತಾಕು 25 ಮೀಟರ್ ಅಗಲ, 81 ಮೀಟರ್ ಉದ್ದ. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಬಿಟ್ಟು ನಾಟಿ ಮಾಡಿರುವುದರಿಂದ ಒಟ್ಟು 90 ಸಾಲುಗಳಿವೆ. ದಿನಕ್ಕೆ ಎರಡು ಸಾಲಿನಂತೆ ಕೊಯ್ಯುತ್ತ ಹೋದರೆ 45 ದಿನಕ್ಕೆ ತಾಕು ಮುಗಿದು, ಮೊದಲ ಸಾಲು ಮತ್ತೆ ಕೊಯ್ಲಿಗೆ ಬಂದಿರುತ್ತದೆ. ಎರಡು ಸಾಲಿನ ನೆಲವೆಂದರೆ 45 ಚದರ ಮೀಟರ್. ಅಂದಂದಿನ 95 ಲೀಟರ್ ಸ್ಲರಿಯನ್ನು ಅಂದಂದು ಕೊಯ್ದ ಎರಡು ಸಾಲಿಗೆ ಕೊಟ್ಟರೆ ಚದರ ಮೀಟರಿಗೆ ಎರಡು ಲೀಟರಿಗಿಂತ ತುಸು ಹೆಚ್ಚು ಬೀಳುತ್ತದೆ; ಸಾರಜನಕದ ಲೆಕ್ಕದಲ್ಲಿ ಅದು ಹೆಕ್ಟೇರಿಗೆ ಒಂದು ಕೊಯ್ಲಿಗೆ ಮೂವತ್ತು ಕಿಲೋ ಚಿಲ್ಲರೆ. ನೀರಾವರಿ ನೇಪಿಯರ್‌ಗೆ ಪ್ರತಿ ಕೊಯ್ಲಿನ ನಂತರ ಕೊಡಬೇಕೆನ್ನುವ ಪ್ರಮಾಣ ಸರಿಸುಮಾರು ಇದೇ ಆಸುಪಾಸಿನಲ್ಲಿದೆ. ಹೀಗಾಗಿ ಸ್ಲರಿಯನ್ನು ಕೂಡಿಡುವ ಅಗತ್ಯವೇ ಬೀಳುವುದಿಲ್ಲ, ಕುಡುಗೋಲು ಹೋದ ದಾರಿಯಲ್ಲಿ ಅದೂ ಹೋಗಬೇಕು.

ಕೊಡುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಸುಲಭವೆಂದು ಸ್ಲರಿಯನ್ನು ನೀರಿನ ಕಾಲುವೆಗೆ ಬಿಟ್ಟರೆ ಅದರ ಗಟ್ಟಿ ಅಂಶ ಕಾಲುವೆಯ ತಲೆಯಲ್ಲಿಯೇ ಇಳಿದು, ಕೊನೆಯ ಗಿಡಗಳಿಗೆ ಬಣ್ಣದ ನೀರಷ್ಟೇ ತಲುಪುತ್ತದೆ. ಕುಂದಗೋಳದ ತಾಕಿನಲ್ಲಿಯೂ ಮೊದಲು ಹೀಗೆಯೇ ಆಗಿತ್ತು: ಪ್ರತಿ ಸಾಲಿನ ಮೊದಲ ಐದಾರು ಮೀಟರ್ ಹುಲ್ಲು ಕಪ್ಪಿಡುವಷ್ಟು ಹಸಿರಾಗಿ, ಮೆತ್ತಗಾಗಿ, ಗಾಳಿಗೆ ಮಲಗಿದ್ದರೆ, ಬದುವಿನ ಕಡೆಯ ತುದಿಯಲ್ಲಿ ಕೆಳಗಿನ ಎಲೆಗಳು ಹಳದಿ ತಿರುಗಿದ್ದವು. ಈಗ ಅವರು ಘಟಕದ ಬಾಯಿಯ ಬಳಿ ನೆರಳಿನಲ್ಲಿ ಎರಡು ಮೂರು ದಿನದ ಸ್ಲರಿ ಹಿಡಿಯುವ ಸಣ್ಣ ತೊಟ್ಟಿ ಕಟ್ಟಿ, ಮೇಲೆ ತಗಡು ಮುಚ್ಚಿದ್ದಾರೆ. ಸಂಜೆ ಬಿಸಿಲು ಇಳಿದ ಮೇಲೆ ಕೋಲಿನಿಂದ ಚೆನ್ನಾಗಿ ಕದಡಿ, ಸಾಲಿಗೆ ನಾಲ್ಕು ಬಕೆಟ್ಟಿನಂತೆ, ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ತೆಗೆದ ಸಣ್ಣ ಹರಿಯಲ್ಲಿ ಸುರಿದು, ಕೂಡಲೇ ಎಡೆಕುಂಟೆಯಿಂದ ಮಣ್ಣು ಎಳೆಯುತ್ತಾರೆ. ಮಣ್ಣು ಮುಚ್ಚುವ ಈ ಒಂದು ಕೆಲಸವನ್ನು ಬಿಟ್ಟರೆ, ಗುಂಡಿಯಲ್ಲಿ ಹಾರಿಹೋಗುತ್ತಿದ್ದ ಅಮೋನಿಯಾ ಹೊಲದಲ್ಲಿ ಹಾರಿಹೋಗುತ್ತದೆ, ಅದರಲ್ಲಿಯೂ ಮಾರ್ಚ್-ಏಪ್ರಿಲ್‌ನ ಒಣ ಗಾಳಿಯಲ್ಲಿ. ಮುಚ್ಚದೆ ಬಿಟ್ಟ ಸ್ಲರಿ ಎರಿಮಣ್ಣಿನ ಮೇಲೆ ಹಪ್ಪಳಗಟ್ಟಿ, ಮುಂದಿನ ನೀರು ಕೆಳಗೆ ಇಳಿಯದಂತೆಯೂ ತಡೆಯುತ್ತದೆ.

ಎರಿಭೂಮಿಯಲ್ಲಿ ಇನ್ನೊಂದು ಎಚ್ಚರ ಬೇಕು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿರುವಾಗ ಸುರಿದ ಸ್ಲರಿ ಬಿರುಕಿನೊಳಗೆ ಇಳಿದು, ಬೇರಿನ ಕೈಗೆ ಸಿಗದಷ್ಟು ಆಳಕ್ಕೆ ಹೋಗಿಬಿಡುತ್ತದೆ. ಹಿಂದಿನ ದಿನ ತೆಳುವಾಗಿ ನೀರು ಹಾಯಿಸಿ, ಬಿರುಕು ಕೂಡಿಕೊಂಡ ಮೇಲೆ ಕೊಡುವುದೇ ಸರಿಯಾದ ಪದ್ಧತಿ. ಮಸಾರಿ ಭೂಮಿಯಲ್ಲಿ ಈ ತೊಂದರೆಯಿಲ್ಲ. ಅಲ್ಲಿ ನೀರು ಬೇಗ ಬಸಿಯುವುದರಿಂದ ಸ್ಲರಿ ಕೊಟ್ಟ ನಂತರ ಹೆಚ್ಚು ನೀರು ಬಿಡಬಾರದು ಎಂದಷ್ಟೇ ಹೇಳುತ್ತೇನೆ.

ಸ್ಲರಿಯನ್ನು ಕೊಯ್ದ ದಿನವೇ ಅಥವಾ ಹೆಚ್ಚೆಂದರೆ ಮೂರು ದಿನದೊಳಗೆ ಕೊಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ದನದ ಬಾಯಿ. ಹೊಸ ಚಿಗುರು ಗೇಣುದ್ದ ಬೆಳೆದ ಮೇಲೆ ಸುರಿದರೆ ಎಲೆಗೆ ಸಿಡಿದು ಒಣಗಿದ ಸ್ಲರಿ ಸುಲಭಕ್ಕೆ ತೊಳೆದು ಹೋಗುವುದಿಲ್ಲ. “ಹಸರು ಛಲೋ ಐತ್ರಿ, ಆದ್ರ ಎಮ್ಮಿ ಮೂಸಿ ನೋಡಿ ಮಾರಿ ತಿರುಗಸ್ತಾವು” ಎಂದು ಆ ಮನೆಯ ಹಿರಿಯ ತಾಯಿ ನನಗೆ ತೋರಿಸಿದ ಹುಲ್ಲಿನ ಸುಳಿಯಲ್ಲಿ ಕಂದು ಬಣ್ಣದ ಹೊಟ್ಟಿನಂಥ ಚಕ್ಕೆಗಳು ಅಂಟಿಕೊಂಡಿದ್ದವು. ರುಚಿಯ ಮಾತು ಮಾತ್ರವಲ್ಲ. ಘಟಕದ ಸಾಧಾರಣ ಶಾಖದಲ್ಲಿ ಜಂತುಹುಳುಗಳ ಮೊಟ್ಟೆಗಳು ಮತ್ತು ರೋಗಾಣುಗಳು ಕಡಿಮೆಯಾಗುತ್ತವೆಯೇ ಹೊರತು ಪೂರ್ತಿಯಾಗಿ ಸಾಯುವುದಿಲ್ಲ. ಮಣ್ಣಿನಡಿ ಮುಚ್ಚಿ, ಮುಂದಿನ ಕೊಯ್ಲಿಗೆ ನಲವತ್ತು ದಿನಗಳ ಅಂತರವಿದ್ದರೆ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ.

ಸ್ಲರಿ ಸರಿಯಾಗಿ ಕಳಿತಿದೆಯೇ ಎನ್ನುವುದನ್ನೂ ನೋಡಿಕೊಳ್ಳಬೇಕು. ಮನೆಯಲ್ಲಿ ಸಗಣಿ ಇದೆಯೆಂದು 50 ಕಿಲೋ ಜಾಗದಲ್ಲಿ 80 ಕಿಲೋ ಹಾಕಿದರೆ, ಒಳಗೆ ನಲವತ್ತು ದಿನ ನಿಲ್ಲಬೇಕಾದ ಸಗಣಿ ಇಪ್ಪತ್ತೈದನೆಯ ದಿನಕ್ಕೇ ಹೊರಬೀಳುತ್ತದೆ. ಒಂದು ಡಬ್ಬಿಯಲ್ಲಿ ಅರ್ಧ ತುಂಬಿ ರಾತ್ರಿಯಿಡೀ ನೆರಳಿನಲ್ಲಿಟ್ಟು ನೋಡಿದರೆ ಇದು ತಿಳಿಯುತ್ತದೆ: ಅರೆಗಳಿತ ಸ್ಲರಿ ಬೆಳಗಾಗುವುದರೊಳಗೆ ನೊರೆಯೆದ್ದು, ಹಸಿ ಸಗಣಿಯ ವಾಸನೆ ಬೀರಿ, ನೊಣಗಳನ್ನು ಕರೆಯುತ್ತದೆ. ಪೂರ್ತಿ ಕಳಿತದ್ದು ಕಪ್ಪಗೆ, ಸುಮ್ಮನೆ ಕೂತಿರುತ್ತದೆ. ಅರೆಗಳಿತದ್ದನ್ನು ಹುಲ್ಲಿಗೆ ಕೊಟ್ಟರೆ ಅದು ಮಣ್ಣಿನಲ್ಲಿ ಕಳಿಯುವುದನ್ನು ಮುಂದುವರಿಸುತ್ತ ಬೇರಿನ ಸುತ್ತಲಿನ ಗಾಳಿಯನ್ನು ತಿಂದುಹಾಕುತ್ತದೆ, ಗಿಡ ಕೆಲವು ದಿನ ಹಳದಿಯಾಗಿ ನಿಲ್ಲುತ್ತದೆ. ಹಾಗಿದ್ದಾಗ ಘಟಕಕ್ಕೆ ಹಾಕುವ ಸಗಣಿಯನ್ನು ಕಡಿಮೆ ಮಾಡಿ, ಹೊರಬಂದದ್ದನ್ನು ತಿಪ್ಪೆಗೆ ತಿರುಗಿಸಬೇಕು.

ತಿಪ್ಪೆಯ ಪಾತ್ರ ಬರುವುದು ಇಲ್ಲಿ, ಮತ್ತು ಮಳೆಗಾಲದಲ್ಲಿ. ಜುಲೈ-ಆಗಸ್ಟ್‌ನಲ್ಲಿ ಹೊಲ ಕೆಸರಾಗಿದ್ದಾಗ ಹಾಕಿದ ಸ್ಲರಿ ನೀರಿನೊಂದಿಗೆ ಬದು ದಾಟಿ ಹೋಗುತ್ತದೆ. ಆಗ ಅದನ್ನು ದನ ತಿಂದು ಬಿಟ್ಟ ಕಣಿಕೆ, ಗೋವಿನಜೋಳದ ರವದಿ, ಕಡಲೆ ಹೊಟ್ಟುಗಳಲ್ಲಿ ಹೀರಿಸಿ, ಘಟಕಕ್ಕೆ ಹಾಕಿ ಮಿಕ್ಕ ಸಗಣಿಯೊಂದಿಗೆ ಕಾಂಪೋಸ್ಟ್ ಮಾಡಬೇಕು. ಸ್ಲರಿಯನ್ನೆಲ್ಲ ವರ್ಷವಿಡೀ ಕಾಂಪೋಸ್ಟ್ ಮಾಡಿ ಎಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ 100 ಲೀಟರ್ ಸ್ಲರಿಯನ್ನು ಒಂದೇ ಸಲ ಹದವಾಗಿ ಹೀರಲು ಅರವತ್ತು ಕಿಲೋಗಿಂತ ಹೆಚ್ಚು ಒಣ ಕಸ ಬೇಕಾಗುತ್ತದೆ. ದಿನವೂ ಅಷ್ಟು ಕಸ ಯಾವ ಮನೆಯಲ್ಲಿಯೂ ಸಿಗುವುದಿಲ್ಲ.

ಆದರೆ ರಾಶಿ ಕಾದಂತೆ ನೀರು ಆವಿಯಾಗುವುದರಿಂದ ಅದೇ ಕಸ ವಾರದೊಳಗೆ ಮತ್ತೆ ಸ್ಲರಿ ಕುಡಿಯುತ್ತದೆ. ಹೀಗೆ ಒಣಗಿದಂತೆಲ್ಲ ಮತ್ತೆ ಮತ್ತೆ ಹಾಕುವುದು ಕಡ್ಡಾಯವೂ ಹೌದು, ಏಕೆಂದರೆ ಕಣಿಕೆಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಒಮ್ಮೆ ತೋಯಿಸಿ ಬಿಟ್ಟರೆ ಮೂರು ತಿಂಗಳ ನಂತರವೂ ಕಣಿಕೆಯ ಗಣ್ಣುಗಳು ಹಾಗೆಯೇ ಉಳಿದಿರುತ್ತವೆ. ಕಸವನ್ನು ಗೇಣುದ್ದ ಕತ್ತರಿಸಿ ಒಂದು ಪದರ, ಮೇಲೆ ಸಗಣಿ, ಅದರ ಮೇಲೆ ಸ್ಲರಿ, ಹೀಗೆ ಸೊಂಟದೆತ್ತರಕ್ಕೆ ಏರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ತೊಟ್ಟಿಕ್ಕಬಾರದು. ನಾಲ್ಕನೆಯ ದಿನ ರಾಶಿಯ ನಡುವೆ ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದಾಗ ಅದನ್ನು ಅಂಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆದಿದೆ. ರೋಗಾಣು ಮತ್ತು ಕಳೆಬೀಜಗಳನ್ನು ಕೊಲ್ಲುವುದು ಈ ಶಾಖವೇ. ತಣ್ಣಗಿದ್ದು ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿದೆ, ತಿರುವಿ ಒಣ ಕಸ ಸೇರಿಸಬೇಕು. ಎರಡು ವಾರಕ್ಕೊಮ್ಮೆ ತಿರುವಿದರೆ ಮೂರರಿಂದ ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ. ಕಲಘಟಗಿಯಂಥ ಮಳೆ ಹೆಚ್ಚಿರುವ ಕಡೆ ರಾಶಿ ನೆಲದ ಮೇಲೆಯೇ ಇರಲಿ, ಮೇಲೊಂದು ಹೊದಿಕೆಯೂ ಬೇಕು. ಗದಗ-ರೋಣದ ಒಣ ಗಾಳಿಯಲ್ಲಿ ತೇವ ಉಳಿಯಲು ಗುಂಡಿಯೇ ವಾಸಿ.

ಇಷ್ಟೆಲ್ಲ ಮಾಡಿದ ಮೇಲೆ ಯೂರಿಯಾ ಪೂರ್ತಿ ನಿಲ್ಲಿಸಬಹುದೇ ಎಂದು ಕೇಳುತ್ತಾರೆ. ಆ 20 ಗುಂಟೆಯಿಂದ ವರ್ಷಕ್ಕೆ 25 ಟನ್ ಹಸಿ ಹುಲ್ಲು ಬಂದರೆ, ಅದರೊಂದಿಗೆ ನೆಲದಿಂದ ಅರವತ್ತೈದು-ಎಪ್ಪತ್ತು ಕಿಲೋ ಸಾರಜನಕ ಹೊರಗೆ ಹೋಗುತ್ತದೆ. ಸ್ಲರಿಯಿಂದ ಬರುವುದು ಐವತ್ತೈದರ ಆಸುಪಾಸು, ಅದರಲ್ಲಿಯೂ ಒಂದು ಪಾಲು ನಿಧಾನವಾಗಿ ಬಿಡುಗಡೆಯಾಗುವಂಥದ್ದು ಮತ್ತು ಮಳೆಗಾಲದ ಪಾಲು ತಿಪ್ಪೆಗೆ ಹೋದದ್ದು. ಆದ್ದರಿಂದ ವರ್ಷಕ್ಕೆ 45 ಕಿಲೋದ ಒಂದೆರಡು ಚೀಲ ಯೂರಿಯಾ ಬೇಕೇ ಆಗುತ್ತದೆ. ಅದನ್ನು ಸ್ಲರಿಯ ಜೊತೆ ಒಂದೇ ದಿನ ಹಾಕದೆ, ಹುಲ್ಲು ಮೊಣಕಾಲುದ್ದ ಬರುವ ಮುಂಚೆ, ನೆಲದಲ್ಲಿ ತೇವವಿದ್ದಾಗ ಕೊಡಬೇಕು. ಕೊಳವೆಬಾವಿ ಕೈಕೊಟ್ಟು ಹುಲ್ಲು ಬಾಡಿರುವಾಗ ಎರಡನ್ನೂ ನಿಲ್ಲಿಸುವುದು ಕ್ಷೇಮ, ಏಕೆಂದರೆ ಬೆಳವಣಿಗೆ ನಿಂತ ಗಿಡ ಹೀರಿದ ಸಾರಜನಕವನ್ನು ನೈಟ್ರೇಟ್ ರೂಪದಲ್ಲಿ ಕಾಂಡದಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ. ಅಂಥ ಹುಲ್ಲನ್ನು ಹೊಟ್ಟೆತುಂಬ ತಿಂದ ದನ ಏದುಸಿರು ಬಿಡುತ್ತ ಬೀಳಬಹುದು. ಒಣಗಿ ನಿಂತ ಸಾಲಿಗೆ ನೀರು ಅಥವಾ ಮಳೆ ಸಿಕ್ಕ ಕೂಡಲೇ ಕೊಯ್ಯದೆ ಒಂದು ವಾರ ಕಾಯಬೇಕು; ಅನಿವಾರ್ಯವಾದರೆ ಬುಡದ ಕಾಂಡವನ್ನು ಹೊಲದಲ್ಲಿಯೇ ಬಿಟ್ಟು ಎತ್ತರದಲ್ಲಿ ಕೊಯ್ದು, ಒಣ ಕಣಿಕೆಯೊಂದಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.